ದೆಹಲಿಯ ದಾವೆ, ಗುರುಗಾಂವದ ಸೈಟು

1985ರ ಆಗಸ್ಟ್ ತಿಂಗಳಲ್ಲಿ ಒಬ್ಬರು ಹರಿಯಾಣದ ಗುರುಗಾಂವದಲ್ಲಿ ಮನೆ ಕಟ್ಟಲು ಸೈಟೊಂದನ್ನು ಕೊಳ್ಳಲು ಡಿಎಲ್‌ಎಫ್ ಯೂನಿವರ್ಸಲ್ ಕಂಪನಿಯ ಜೊತೆ ಕರಾರು ಮಾಡಿಕೊಂಡರು. ಕಂಪನಿಯ ಮುಖ್ಯ ಕಚೇರಿ ಇದ್ದದ್ದು ದೆಹಲಿಯಲ್ಲಿ. ಕರಾರಿಗೆ ಸಹಿ ಬಿದ್ದದ್ದೂ ದೆಹಲಿಯಲ್ಲಿ, ಕಂತಿನ ಹಣ ಕಟ್ಟಿದ್ದೂ ದೆಹಲಿಯಲ್ಲಿ. ತಕರಾರೇನಾದರೂ ಎದ್ದರೆ ದೆಹಲಿ ಹೈಕೋರ್ಟು ಮತ್ತು ಅದರ ಕೈಕೆಳಗಿನ ನ್ಯಾಯಾಲಯಗಳೇ ತೀರ್ಮಾನಿಸಬೇಕು ಎಂದು ಕರಾರಿನಲ್ಲಿಯೇ ಬರೆದಿತ್ತು. 1988ರ ಏಪ್ರಿಲ್‌ನಲ್ಲಿ ಕಂಪನಿ ಕರಾರನ್ನು ರದ್ದುಮಾಡಿತು. ಅದೇ ವರ್ಷ ಖರೀದಿದಾರರು ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದರು. ರದ್ದತಿ ಅಸಿಂಧು ಎಂದು ಘೋಷಿಸಬೇಕು, ಕರಾರಿನಂತೆ ಸೈಟನ್ನು ಕ್ರಯ ಮಾಡಿಕೊಡಿಸಬೇಕು, ಸ್ವಾಧೀನ ಕೊಡಿಸಬೇಕು, ಅದನ್ನು ಬೇರೆಯವರಿಗೆ ಮಾರದಂತೆ ತಡೆಯಬೇಕು ಎಂಬುದು ಅವರ ಕೋರಿಕೆ.

ಕಂಪನಿ ಲಿಖಿತ ಹೇಳಿಕೆ ಸಲ್ಲಿಸಿತು. ಈ ಕೋರ್ಟಿಗೆ ಅಧಿಕಾರವಿಲ್ಲ ಎಂಬ ಮಾತನ್ನು ಅದರಲ್ಲಿ ಎತ್ತಲಿಲ್ಲ. 1993ರಲ್ಲಿ ದೆಹಲಿಯ ಜಿಲ್ಲಾ ನ್ಯಾಯಾಲಯಗಳ ಹಣದ ಮಿತಿ ಏರಿದ್ದರಿಂದ ಕಡತ ಹೈಕೋರ್ಟಿನಿಂದ ಅಲ್ಲಿಗೆ ವರ್ಗವಾಯಿತು. 1997ರಲ್ಲಿ ವಿವಾದಾಂಶಗಳು ನಿಗದಿಯಾದವು. ಲಿಖಿತ ಹೇಳಿಕೆ ಸಲ್ಲಿಸಿ ಎಂಟು ವರ್ಷ ಕಳೆದ ಮೇಲೆ ಕಂಪನಿ ಹೊಸದೊಂದು ಆಕ್ಷೇಪ ತಂದಿತು: ಸೈಟು ಇರುವುದು ಗುರುಗಾಂವದಲ್ಲಿ, ಆದ್ದರಿಂದ ದೆಹಲಿಯ ಯಾವ ಕೋರ್ಟಿಗೂ ಇದನ್ನು ವಿಚಾರಿಸುವ ಅಧಿಕಾರವಿಲ್ಲ.

ವಿಚಾರಣಾ ನ್ಯಾಯಾಲಯ ಅದನ್ನು ಒಪ್ಪಿ ವಾದಪತ್ರವನ್ನು ಹಿಂದಿರುಗಿಸಿತು. ಹೈಕೋರ್ಟು ಸರಿ ಎಂದಿತು. 2005ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟೂ ಸರಿ ಎಂದಿತು. ದಾವೆ ಹೂಡಿ 17 ವರ್ಷವಾದ ಮೇಲೆ ಆ ಖರೀದಿದಾರರು ತಮ್ಮ ವಾದಪತ್ರ ಹಿಡಿದು ಪಕ್ಕದ ಊರಿನ ಕೋರ್ಟಿಗೆ ಹೋಗಬೇಕಾಯಿತು. ಆ ಹೊತ್ತಿಗೂ ಸೈಟಿನ ಹಕ್ಕು ಯಾರದು ಎಂಬ ಪ್ರಶ್ನೆಗೆ ಒಂದೇ ಒಂದು ಕೋರ್ಟು ಉತ್ತರ ಕೊಟ್ಟಿರಲಿಲ್ಲ.

ಕಾನೂನು ಓದದವರಿಗೆ ಇದು ಅನ್ಯಾಯವಾಗಿ ಕಾಣುತ್ತದೆ. ಹಾಗೆ ಕಾಣುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನ್ಯಾಯಾಲಯ ಅಲ್ಲಿಗೆ ಹೇಗೆ ಬಂದಿತು ಎಂದು ಹೆಜ್ಜೆ ಹೆಜ್ಜೆಯಾಗಿ ನೋಡಿದರೆ, ನಮ್ಮ ದೇಶದಲ್ಲಿ ಯಾವ ವ್ಯಾಜ್ಯ ಯಾವ ಕೋರ್ಟಿಗೆ ಹೋಗುತ್ತದೆ ಎಂಬುದರ ಕಟ್ಟಡವೇ ಕಣ್ಣಿಗೆ ಬೀಳುತ್ತದೆ. ನ್ಯಾಯಾಧೀಶರೊಬ್ಬರು ಕಡತ ತೆರೆಯುವ ಮೊದಲು ಮೂರು ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಸಿಗಬೇಕು. ಈ ವ್ಯಾಜ್ಯ ನನ್ನ ಸರಹದ್ದಿನದೇ? ಇದರ ಮೌಲ್ಯ ನನ್ನ ದರ್ಜೆಯ ಮಿತಿಯೊಳಗೆ ಇದೆಯೇ? ಈ ಬಗೆಯ ವಿಷಯವನ್ನು ತೀರ್ಮಾನಿಸಲು ಕಾನೂನು ನನಗೆ ಅಧಿಕಾರ ಕೊಟ್ಟಿದೆಯೇ? ಪ್ರಾದೇಶಿಕ ವ್ಯಾಪ್ತಿ, ಆರ್ಥಿಕ ವ್ಯಾಪ್ತಿ, ವಿಷಯ ವ್ಯಾಪ್ತಿ ಎಂದು ವಕೀಲರು ಕರೆಯುವುದು ಇವನ್ನೇ. ಮೂರರಲ್ಲಿ ಒಂದಕ್ಕೆ ಇಲ್ಲವೆಂದರೂ ಕೋರ್ಟು ಮುಂದುವರಿಯಬಾರದು. ಆದರೆ ತಪ್ಪಿ ಮುಂದುವರಿದುಬಿಟ್ಟರೆ ಆಗುವ ಪರಿಣಾಮ ಮೂರರಲ್ಲೂ ಒಂದೇ ಅಲ್ಲ. ಗುರುಗಾಂವದ ಸೈಟಿನ ತೀರ್ಪು ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ.

ಸರಹದ್ದಿನ ಪ್ರಶ್ನೆಗೆ ಉತ್ತರ ಇರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ರಿಂದ 20ರವರೆಗಿನ ಕಲಮುಗಳಲ್ಲಿ. ಅಲ್ಲಿ ಮೊದಲು ನೋಡುವುದು ವ್ಯಾಜ್ಯ ಸ್ಥಿರಾಸ್ತಿಯದೋ ಅಲ್ಲವೋ ಎಂಬುದನ್ನು. ಜಮೀನು, ಮನೆ, ಸೈಟುಗಳ ಸ್ವಾಧೀನ, ಪಾಲು, ಅಡಮಾನ, ಹಕ್ಕು ಇವುಗಳ ದಾವೆಯಾದರೆ 16ನೇ ಕಲಮಿನ ಪ್ರಕಾರ ಆ ಸ್ವತ್ತು ಯಾವ ಕೋರ್ಟಿನ ಸರಹದ್ದಿನಲ್ಲಿದೆಯೋ ಅಲ್ಲಿಯೇ ಹೂಡಬೇಕು. ವಾದಿ ಎಲ್ಲಿ ವಾಸವಾಗಿದ್ದಾನೆ, ಪ್ರತಿವಾದಿ ಎಲ್ಲಿದ್ದಾನೆ, ಪತ್ರಕ್ಕೆ ಎಲ್ಲಿ ರುಜು ಹಾಕಿದರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಸ್ವತ್ತು ಎರಡು ಕೋರ್ಟುಗಳ ಸರಹದ್ದಿನಲ್ಲಿ ಹರಡಿದ್ದರೆ ಎರಡರಲ್ಲಿ ಯಾವುದಾದರೂ ಒಂದರಲ್ಲಿ ಹೂಡಬಹುದು ಎನ್ನುತ್ತದೆ 17ನೇ ಕಲಮು.

ಈ ಕಟ್ಟುಪಾಡಿಗೆ ಕಾರಣ ತೀರ್ಪಿನ ನಂತರದ ಕೆಲಸದಲ್ಲಿದೆ. ಸ್ವಾಧೀನ ಕೊಡಿಸಬೇಕೆಂದು ಡಿಕ್ರಿ ಆದ ಮೇಲೆ ಅಮೀನರು ಜಾಗಕ್ಕೆ ಹೋಗಿ ಚಕ್ಕುಬಂದಿ ನೋಡಿ ಕಬ್ಜಾ ಬಿಡಿಸಬೇಕು. ಅಗತ್ಯಬಿದ್ದರೆ ಕೋರ್ಟು ಕಮಿಷನರನ್ನು ಕಳಿಸಿ ಅಳತೆ ಮಾಡಿಸಬೇಕು. ದಾಖಲೆಗಳು ಅದೇ ತಾಲೂಕಿನ ಉಪನೋಂದಣಿ ಕಚೇರಿಯಲ್ಲಿ, ಕಂದಾಯ ಕಚೇರಿಯಲ್ಲಿ ಇರುತ್ತವೆ. ಸಾಕ್ಷಿ ಹೇಳುವ ನೆರೆಹೊರೆಯವರೂ ಅಲ್ಲಿನವರೇ. ದೆಹಲಿಯ ನ್ಯಾಯಾಧೀಶರು ಗುರುಗಾಂವದ ನೆಲವನ್ನು ತಮ್ಮ ಕೈಯಾರೆ ಯಾರಿಗೂ ಒಪ್ಪಿಸಲಾರರು. ಕಾನೂನು ಇದಕ್ಕೊಂದು ವಿನಾಯಿತಿ ಇಟ್ಟಿದೆ. ಪ್ರತಿವಾದಿಯೇ ಸ್ವತಃ ಒಂದು ಕೆಲಸ ಮಾಡಿದರೆ ಪರಿಹಾರ ಪೂರ್ತಿ ದೊರಕುವಂತಿದ್ದರೆ, ಆತ ಇರುವ ಊರಿನ ಕೋರ್ಟೂ ದಾವೆಯನ್ನು ಕೇಳಬಹುದು. ದೆಹಲಿಯ ಖರೀದಿದಾರರು ಇದನ್ನೇ ಹಿಡಿದರು. ಕಂಪನಿ ದೆಹಲಿಯಲ್ಲಿದೆ, ಅದು ಪತ್ರ ಮಾಡಿಕೊಟ್ಟರೆ ಮುಗಿಯಿತಲ್ಲ ಎಂದರು. ಆದರೆ ಅವರು ಸೈಟಿನ ಸ್ವಾಧೀನವನ್ನೂ ಕೇಳಿದ್ದರು. ಆ ಒಂದು ಕೋರಿಕೆ ಸೇರಿದ ಮೇಲೆ ವಿನಾಯಿತಿ ಅನ್ವಯಿಸುವುದಿಲ್ಲ ಎಂದಿತು ಸುಪ್ರೀಂ ಕೋರ್ಟು.

ನಮ್ಮ ಕಡೆಯ ಒಂದು ಕಲ್ಪಿತ ಉದಾಹರಣೆಯಲ್ಲಿ ಇದನ್ನು ಬಿಡಿಸಿ ನೋಡಬಹುದು. ದಾವಣಗೆರೆಯ ಒಬ್ಬ ಮಹಿಳೆ ಹುಬ್ಬಳ್ಳಿಯ ಸೈಟೊಂದಕ್ಕೆ ಮುಂಗಡ ಕೊಟ್ಟಿದ್ದಾರೆ. ಮಾರುವವರು ಬೆಂಗಳೂರಿನಲ್ಲಿದ್ದಾರೆ. ಕರಾರು ಬರೆದು ಹಣ ಕೊಟ್ಟದ್ದು ದಾವಣಗೆರೆಯಲ್ಲಿ. ಕ್ರಯಪತ್ರವೂ ಸ್ವಾಧೀನವೂ ಬೇಕು ಎಂದರೆ ಆಕೆ ಹುಬ್ಬಳ್ಳಿಗೇ ಹೋಗಬೇಕು. ಸೈಟಿನ ಸಹವಾಸ ಸಾಕು, ಕೊಟ್ಟ ಮುಂಗಡ ಬಡ್ಡಿ ಸಹಿತ ಬಂದರೆ ಸಾಕು ಎಂದರೆ ಅದು ಬರೀ ಹಣದ ದಾವೆ. ಆಗ 20ನೇ ಕಲಮು ಅನ್ವಯವಾಗುತ್ತದೆ. ಪ್ರತಿವಾದಿ ವಾಸಿಸುವ ಬೆಂಗಳೂರಿನಲ್ಲಿ ಹೂಡಬಹುದು. ವ್ಯಾಜ್ಯಕಾರಣದ ಒಂದು ಭಾಗ, ಅಂದರೆ ಕರಾರು ಮತ್ತು ಹಣ ಪಾವತಿ, ದಾವಣಗೆರೆಯಲ್ಲಿ ನಡೆದಿರುವುದರಿಂದ ತಮ್ಮ ಊರಿನಲ್ಲಿಯೂ ಹೂಡಬಹುದು. ಆದರೆ ಹಣ ಬಾರದಿದ್ದರೆ ಆ ಸೈಟನ್ನೇ ಮಾರಿಸಿ ವಸೂಲು ಮಾಡಿಕೊಡಿ ಎಂದು, ಸೈಟಿನ ಮೇಲೆ ತನಗಿರುವ ಋಣಭಾರವನ್ನು ಜಾರಿಗೊಳಿಸಲು ಕೇಳಿದರೆ ವ್ಯಾಜ್ಯ ಮತ್ತೆ ಸ್ವತ್ತಿಗೆ ಅಂಟಿಕೊಳ್ಳುತ್ತದೆ, ಹುಬ್ಬಳ್ಳಿಗೆ ಮರಳುತ್ತದೆ. ಜನ ಅದೇ, ಸೈಟು ಅದೇ, ಹಣ ಅದೇ. ವಾದಪತ್ರದ ಕೊನೆಯ ಪುಟದ ಕೋರಿಕೆ ಬದಲಾದಂತೆ ಕೋರ್ಟಿನ ಊರು ಬದಲಾಗುತ್ತದೆ. ಆದ್ದರಿಂದಲೇ ಅನುಭವಿ ವಕೀಲರು ಕಕ್ಷಿದಾರರನ್ನು ಮೊದಲು ಕೇಳುವುದು ‘ನಿಮಗೆ ಕೊನೆಗೆ ಏನು ಬೇಕು?’ ಎಂದು.

ಇನ್ನು ಕರಾರಿನಲ್ಲಿ ಅಚ್ಚಾಗುವ ‘ಇಂಥ ಊರಿನ ಕೋರ್ಟು ಮಾತ್ರ’ ಎಂಬ ಷರತ್ತು. ಇದಕ್ಕೆ ಬೆಲೆ ಇದೆ, ಆದರೆ ಮಿತಿಯೂ ಇದೆ. ಕಾನೂನಿನ ಪ್ರಕಾರ ಎರಡು ಮೂರು ಊರುಗಳ ಕೋರ್ಟುಗಳಿಗೆ ಅಧಿಕಾರವಿದ್ದಾಗ ಅದರಲ್ಲಿ ಒಂದನ್ನು ಆರಿಸಿಕೊಳ್ಳಲು ಪಕ್ಷಗಾರರು ಒಪ್ಪಬಹುದು. ಅಧಿಕಾರವೇ ಇಲ್ಲದ ಕೋರ್ಟಿಗೆ ಒಪ್ಪಿಗೆಯಿಂದ ಅಧಿಕಾರ ಕೊಡಲಾಗದು. ಗುರುಗಾಂವದ ಪ್ರಕರಣದಲ್ಲಿ ದೆಹಲಿಯ ಷರತ್ತು ಬಿದ್ದುಹೋದದ್ದು ಇದೇ ಕಾರಣಕ್ಕೆ. ಹಾಗೆಂದು ಷರತ್ತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇಂಡಿಯನ್ ಆಯಿಲ್ ಮತ್ತು ಸ್ವಸ್ತಿಕ್ ಗ್ಯಾಸಸ್ ನಡುವಿನ ಒಪ್ಪಂದದಲ್ಲಿ ಕೋಲ್ಕತ್ತದ ಕೋರ್ಟುಗಳ ಹೆಸರಿತ್ತು, ‘ಮಾತ್ರ’ ಎಂಬ ಪದ ಇರಲಿಲ್ಲ. ವ್ಯಾಜ್ಯಕಾರಣದ ಒಂದು ಭಾಗ ಜೈಪುರದಲ್ಲಿ ಹುಟ್ಟಿದ್ದರೂ, ಒಂದು ಊರನ್ನು ಹೆಸರಿಸಿದ ಮೇಲೆ ಉಳಿದವನ್ನು ಬಿಟ್ಟಂತೆಯೇ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಏಲಕ್ಕಿಯ ಪ್ರಕರಣವೊಂದು ಈ ಷರತ್ತುಗಳ ಮತ್ತೊಂದು ಮುಖ ತೋರಿಸುತ್ತದೆ. ತಮಿಳುನಾಡಿನ ಬೋಡಿನಾಯಕನೂರಿನ ವ್ಯಾಪಾರ ಸಂಸ್ಥೆಯೊಂದು ಪಟೇಲ್ ರೋಡ್‌ವೇಸ್ ಸಾರಿಗೆ ಸಂಸ್ಥೆಯ ಅಲ್ಲಿನ ಶಾಖೆಯಲ್ಲಿ ದೆಹಲಿಗೆಂದು ಏಲಕ್ಕಿ ಲೋಡು ಕೊಟ್ಟಿತು. ಗೋದಾಮಿನಲ್ಲಿ ಬೆಂಕಿ ಬಿದ್ದು ಸರಕು ಹಾಳಾಯಿತು. ನಷ್ಟ ಕೇಳಿ ಸಮೀಪದ ಪೆರಿಯಕುಳಂ ಕೋರ್ಟಿಗೆ ಹೋದರೆ, ವ್ಯಾಜ್ಯವೇನಿದ್ದರೂ ಮುಂಬೈಯಲ್ಲಿ ಎಂಬ ಷರತ್ತನ್ನು ಸಾರಿಗೆ ಸಂಸ್ಥೆ ಮುಂದೊಡ್ಡಿತು. ಅದರ ಮುಖ್ಯ ಕಚೇರಿ ಮುಂಬೈಯಲ್ಲೇ ಇತ್ತು. 1991ರಲ್ಲಿ ಸುಪ್ರೀಂ ಕೋರ್ಟು 20ನೇ ಕಲಮಿನ ವಿವರಣೆಯನ್ನು ಬಿಡಿಸಿ ಓದಿತು: ಕಂಪನಿಗೆ ಶಾಖೆ ಇರುವ ಊರಿನಲ್ಲಿಯೇ ವ್ಯಾಜ್ಯಕಾರಣ ಹುಟ್ಟಿದ್ದರೆ ಕಂಪನಿ ವ್ಯವಹಾರ ಮಾಡುವ ಸ್ಥಳ ಆ ಶಾಖೆಯ ಊರು, ದೂರದ ಮುಖ್ಯ ಕಚೇರಿಯಲ್ಲ. ಆದ್ದರಿಂದ ಈ ವ್ಯಾಜ್ಯದಲ್ಲಿ ಮುಂಬೈ ಕೋರ್ಟಿಗೆ ಅಧಿಕಾರವೇ ಇಲ್ಲ, ಇಲ್ಲದ ಕೋರ್ಟನ್ನು ಆರಿಸುವ ಷರತ್ತಿಗೂ ಬಲವಿಲ್ಲ. ದೊಡ್ಡ ಕಂಪನಿಗಳ ಜೊತೆ ವ್ಯವಹರಿಸುವ ಊರುಗಳ ಸಣ್ಣ ವ್ಯಾಪಾರಿಗಳಿಗೆ ಇದಕ್ಕಿಂತ ಉಪಯೋಗದ ತೀರ್ಪು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎನ್ನಬಹುದು.

ಊರು ಗೊತ್ತಾದ ಮೇಲೆ ಆ ಊರಿನ ಯಾವ ಕೋರ್ಟು ಎಂಬ ಪ್ರಶ್ನೆ. ತಾಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ಕಿರಿಯ ಶ್ರೇಣಿ ಮತ್ತು ಹಿರಿಯ ಶ್ರೇಣಿ ಎಂಬ ದರ್ಜೆಗಳಿವೆ. ಹಳಬರು ಇಂದಿಗೂ ಕಿರಿಯ ಶ್ರೇಣಿಯದನ್ನು ಮುನ್ಸೀಫ್ ಕೋರ್ಟು ಎನ್ನುತ್ತಾರೆ. 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಅಧಿನಿಯಮ ಕಿರಿಯ ಶ್ರೇಣಿಗೆ ಹಣದ ಮೇಲ್ಮಿತಿ ಹಾಕಿದೆ, ರೂಪಾಯಿಯ ಬೆಲೆ ಇಳಿದಂತೆ ಆ ಮಿತಿಯನ್ನು ಏರಿಸುತ್ತಲೂ ಬರಲಾಗಿದೆ. ಹಿರಿಯ ಶ್ರೇಣಿಗೆ ಮೇಲ್ಮಿತಿ ಇಲ್ಲ. ಬೆಂಗಳೂರು ನಗರಕ್ಕೆ 1979ರ ಅಧಿನಿಯಮದ ಪ್ರಕಾರ ಬೇರೆಯದೇ ಆದ ಸಿಟಿ ಸಿವಿಲ್ ಕೋರ್ಟು ಇದೆ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಹೈಕೋರ್ಟುಗಳಲ್ಲಿ ದೊಡ್ಡ ಮೊತ್ತದ ದಾವೆಗಳನ್ನು ನೇರವಾಗಿ ಹೂಡಬಹುದು, ನಮ್ಮ ಹೈಕೋರ್ಟಿನಲ್ಲಿ ಆ ಪದ್ಧತಿ ಇಲ್ಲ. ಎರಡು ದರ್ಜೆಗಳಿಗೂ ಅಧಿಕಾರವಿದ್ದರೆ ಕೆಳದರ್ಜೆಯಲ್ಲಿಯೇ ಹೂಡಬೇಕು ಎನ್ನುತ್ತದೆ ಸಂಹಿತೆಯ 15ನೇ ಕಲಮು. ಮೇಲಿನ ಕೋರ್ಟುಗಳ ಮೇಜಿನ ಮೇಲೆ ಸಣ್ಣ ವ್ಯಾಜ್ಯಗಳು ರಾಶಿ ಬೀಳಬಾರದು ಎಂಬುದು ಉದ್ದೇಶ.

ಇಲ್ಲಿ ಓದುಗರಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. ದಾವೆಯ ಮೌಲ್ಯ ಎಂದರೆ ಸಂತೆಯ ಬೆಲೆ ಎಂದೇನೂ ಅಲ್ಲ. ಮೌಲ್ಯ ಕಟ್ಟುವ ಕ್ರಮವನ್ನು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯ ನಿರ್ಣಯ ಅಧಿನಿಯಮ ಹೇಳುತ್ತದೆ. ಕಂದಾಯ ಕಟ್ಟುವ ಕೃಷಿ ಜಮೀನಿನ ಸ್ವಾಧೀನದ ದಾವೆಯಲ್ಲಿ ಅದು ವಾರ್ಷಿಕ ಕಂದಾಯದ 25 ಪಟ್ಟನ್ನು ಜಮೀನಿನ ಬೆಲೆ ಎಂದು ಹಿಡಿಯುತ್ತದೆ. ಪಹಣಿಯಲ್ಲಿ ಕಂದಾಯ 8 ರೂಪಾಯಿ ಎಂದಿದ್ದರೆ ಕೋರ್ಟಿನ ಲೆಕ್ಕದಲ್ಲಿ ಆ ಹೊಲದ ಬೆಲೆ 200 ರೂಪಾಯಿ, ರಸ್ತೆ ಬದಿಯಲ್ಲಿರುವ ಅದೇ ಹೊಲಕ್ಕೆ ಮಾರುಕಟ್ಟೆಯಲ್ಲಿ ಲಕ್ಷಗಟ್ಟಲೆ ಕೇಳುತ್ತಿದ್ದರೂ. ಹೀಗಾಗಿ ದೊಡ್ಡ ಬೆಲೆಯ ಜಮೀನುಗಳ ವ್ಯಾಜ್ಯಗಳು ಕಿರಿಯ ಶ್ರೇಣಿಯ ನ್ಯಾಯಾಧೀಶರ ಮುಂದೆ ನಡೆಯುವುದನ್ನು ನಮ್ಮ ತಾಲೂಕು ಕೋರ್ಟುಗಳಲ್ಲಿ ಕಾಣಬಹುದು. ರೈತ ತನ್ನ ಹೊಲ ಉಳಿಸಿಕೊಳ್ಳಲು ಬೆಟ್ಟದಷ್ಟು ಕೋರ್ಟ್ ಫೀ ಕಟ್ಟಬೇಕಾಗಿಲ್ಲ ಎಂಬುದು ಇದರ ಒಳ್ಳೆಯ ಪರಿಣಾಮ. ಆದರೆ ಅದೇ ಜಮೀನು ಭೂಪರಿವರ್ತನೆಯಾಗಿ ಸೈಟುಗಳಾದ ದಿನ ಮಾರುಕಟ್ಟೆ ಬೆಲೆಯ ಲೆಕ್ಕ ಬರುತ್ತದೆ, ಕೋರ್ಟಿನ ದರ್ಜೆಯೂ ಬದಲಾಗಬಹುದು. ಪ್ರತಿವಾದಿಯ ವಕೀಲರು ಎತ್ತುವ ಮೊದಲ ಆಕ್ಷೇಪಗಳಲ್ಲಿ ‘ಇದು ಈಗ ಕೃಷಿ ಜಮೀನಲ್ಲ, ಮೌಲ್ಯ ಕಡಿಮೆ ತೋರಿಸಿದ್ದಾರೆ’ ಎಂಬುದು ಇದ್ದೇ ಇರುವುದು ಇದಕ್ಕಾಗಿ.

ಮೌಲ್ಯ ತಪ್ಪಾಗಿ ಹಾಕಿ, ತಪ್ಪು ದರ್ಜೆಯ ಕೋರ್ಟೇ ತೀರ್ಪು ಕೊಟ್ಟುಬಿಟ್ಟರೆ? ಬಿಹಾರದ ಮುಂಗೇರಿನ ಪ್ರಕರಣದಲ್ಲಿ ಹೀಗೇ ಆಯಿತು. ಹನ್ನೆರಡೂವರೆ ಎಕರೆ ಜಮೀನು. 1943ರಲ್ಲಿ ಜಮೀನುದಾರರಿಗೆ 1,950 ರೂಪಾಯಿ ಕಾಣಿಕೆ ಕೊಟ್ಟು ಗೇಣಿಗೆ ಪಡೆದೆವು, ಬೇರೆಯವರು ಒಳನುಗ್ಗಿ ಬೆಳೆ ಕೊಯ್ದುಕೊಂಡರು ಎಂದು ವಾದಿಗಳ ದೂರು. ಅವರು ಜಮೀನಿಗೆ 1,950, ಬೆಳೆ ನಷ್ಟಕ್ಕೆ 1,000, ಒಟ್ಟು 2,950 ರೂಪಾಯಿ ಮೌಲ್ಯ ಕಟ್ಟಿದರು. ಬಹುಕಾಲದಿಂದ ಉಳುತ್ತಿದ್ದವರು ಪ್ರತಿವಾದಿಗಳೇ ಎಂದು ಕಂಡು ಕೋರ್ಟು ದಾವೆ ವಜಾ ಮಾಡಿತು. ಆ ಕಾಲದ ಕಾನೂನಿನಂತೆ 5,000 ರೂಪಾಯಿಯೊಳಗಿನ ದಾವೆಯ ಮೇಲ್ಮನವಿ ಜಿಲ್ಲಾ ಕೋರ್ಟಿಗೆ, ಅದಕ್ಕಿಂತ ಹೆಚ್ಚಿನದು ಹೈಕೋರ್ಟಿಗೆ. ವಾದಿಗಳು ಜಿಲ್ಲಾ ಕೋರ್ಟಿಗೆ ಹೋದರು, ಅಲ್ಲೂ ಸೋತರು. ಪಟ್ನಾ ಹೈಕೋರ್ಟಿಗೆ ಎರಡನೇ ಮೇಲ್ಮನವಿ ತಂದಾಗ ಅಲ್ಲಿನ ಶುಲ್ಕ ಪರಿಶೀಲಕರು ಮೌಲ್ಯದ ಬಗ್ಗೆ ಆಕ್ಷೇಪ ತೆಗೆದರು. ಸರಿಯಾದ ಮೌಲ್ಯ 9,980 ರೂಪಾಯಿ ಎಂದು ತೀರ್ಮಾನವಾಯಿತು. ವಾದಿಗಳು ಕೊರತೆ ಶುಲ್ಕ ಕಟ್ಟಿ, ಕೂಡಲೇ ಹೊಸ ವಾದ ಹೂಡಿದರು: ಹಾಗಾದರೆ ನಮ್ಮ ಮೊದಲ ಮೇಲ್ಮನವಿ ಬರಬೇಕಾಗಿದ್ದದ್ದು ಹೈಕೋರ್ಟಿಗೇ, ಜಿಲ್ಲಾ ಕೋರ್ಟಿನ ತೀರ್ಪು ಲೆಕ್ಕಕ್ಕಿಲ್ಲ, ಎಲ್ಲವನ್ನೂ ಹೊಸದಾಗಿ ಕೇಳಿ.

1954ರ ಏಪ್ರಿಲ್ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್ ಬರೆದ ತೀರ್ಪು ಈ ವಾದವನ್ನು ತಳ್ಳಿಹಾಕಿತು. ಅಧಿಕಾರವಿಲ್ಲದ ಕೋರ್ಟಿನ ಡಿಕ್ರಿ ಶೂನ್ಯ ಎಂಬ ತತ್ವವನ್ನು ಅವರು ಒಪ್ಪಿಕೊಂಡೇ ಆರಂಭಿಸಿದರು. ಆದರೆ ಮೌಲ್ಯದ ತಪ್ಪಿಗೆ 1887ರ ದಾವೆಗಳ ಮೌಲ್ಯ ನಿರ್ಣಯ ಅಧಿನಿಯಮವೂ, ಸ್ಥಳದ ತಪ್ಪಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಮೂ ಬೇರೆ ದಾರಿ ಹಾಕಿವೆ ಎಂದು ತೋರಿಸಿದರು. ಗುಣಾವಗುಣಗಳ ಮೇಲೆ ವಿಚಾರಣೆ ನಡೆದು ತೀರ್ಪಾದ ಮೇಲೆ, ನಿಜವಾಗಿ ನ್ಯಾಯಕ್ಕೆ ಪೆಟ್ಟು ಬಿದ್ದಿದ್ದರೆ ಮಾತ್ರ ಅದನ್ನು ಕದಲಿಸಬಹುದು. ಇಲ್ಲಿ ಜಿಲ್ಲಾ ಕೋರ್ಟು ಸಾಕ್ಷ್ಯವನ್ನೆಲ್ಲ ನೋಡಿಯೇ ತೀರ್ಮಾನಿಸಿತ್ತು. ಮೌಲ್ಯ ಕಡಿಮೆ ಬರೆದು ಆ ಕೋರ್ಟನ್ನು ಆರಿಸಿಕೊಂಡವರೂ ವಾದಿಗಳೇ. ಎಪ್ಪತ್ತು ವರ್ಷ ಕಳೆದರೂ ಈ ತೀರ್ಪನ್ನು ಹೆಸರಿಸದೆ ಅಧಿಕಾರ ವ್ಯಾಪ್ತಿಯ ವಾದ ಮುಗಿಯುವುದು ಅಪರೂಪ.

21ನೇ ಕಲಮಿನ ಮಾತನ್ನು ಹೀಗೆ ಹೇಳಬಹುದು: ಊರಿನ ಬಗ್ಗೆ ಅಥವಾ ಹಣದ ಮಿತಿಯ ಬಗ್ಗೆ ಆಕ್ಷೇಪವಿದ್ದರೆ ಮೊದಲ ಕೋರ್ಟಿನಲ್ಲೇ ಎತ್ತಬೇಕು, ಸಾಧ್ಯವಾದಷ್ಟು ಬೇಗ, ವಿವಾದಾಂಶಗಳು ನಿಗದಿಯಾಗುವ ಹಂತ ದಾಟುವುದರೊಳಗೆ ಎತ್ತಬೇಕು. ಆಗ ಸುಮ್ಮನಿದ್ದವರು ಸೋತ ಮೇಲೆ ಮೇಲ್ಮನವಿಯಲ್ಲಿ ಎತ್ತಿದರೆ ಸಾಲದು. ವಿಷಯ ವ್ಯಾಪ್ತಿಗೆ ಈ ರಿಯಾಯಿತಿ ಇಲ್ಲ. ಒಂದು ಬಗೆಯ ವ್ಯಾಜ್ಯವನ್ನು ಕಾನೂನೇ ಒಂದು ಕೋರ್ಟಿನ ಕೈಯಿಂದ ತೆಗೆದಿದ್ದರೆ ಇಬ್ಬರೂ ಒಪ್ಪಿ ಬಂದರೂ, ಯಾರೂ ಆಕ್ಷೇಪಿಸದಿದ್ದರೂ ಆ ಕೋರ್ಟಿನ ತೀರ್ಪಿಗೆ ಜೀವವಿಲ್ಲ. ಎಷ್ಟು ತಡವಾಗಿಯಾದರೂ ಅದನ್ನು ಪ್ರಶ್ನಿಸಬಹುದು.

ಇದಕ್ಕೆ ಕರ್ನಾಟಕದ ಹಳ್ಳಿಗಳು ಚೆನ್ನಾಗಿ ಬಲ್ಲ ಉದಾಹರಣೆಯೆಂದರೆ ಗೇಣಿ. ಗದ್ದೆಯೊಂದರ ಖಾತೆದಾರ, ನನ್ನ ಸ್ವಾಧೀನಕ್ಕೆ ಅಡ್ಡಿಪಡಿಸುತ್ತಿದ್ದಾರೆ, ತಡೆಯಾಜ್ಞೆ ಕೊಡಿ ಎಂದು ಸಿವಿಲ್ ಕೋರ್ಟಿಗೆ ಬರುತ್ತಾನೆ. ಸ್ವಾಧೀನದ ರಕ್ಷಣೆ ಸಿವಿಲ್ ಕೋರ್ಟಿನ ಕೆಲಸವೇ. ಎದುರು ಕಕ್ಷಿದಾರ, ನಮ್ಮಪ್ಪ 1974ರ ಮಾರ್ಚ್ 1ಕ್ಕೂ ಮೊದಲಿನಿಂದ ಇದರ ಗೇಣಿದಾರ ಎನ್ನುತ್ತಾನೆ. ಆ ಮಾತು ಬಂದೊಡನೆ ಚಿತ್ರ ಬದಲಾಗುತ್ತದೆ. ಭೂಸುಧಾರಣಾ ಅಧಿನಿಯಮದ 133ನೇ ಕಲಮಿನ ಪ್ರಕಾರ ಆತ ಗೇಣಿದಾರನೋ ಅಲ್ಲವೋ ಎಂಬುದನ್ನು ಸಿವಿಲ್ ಕೋರ್ಟು ತೀರ್ಮಾನಿಸುವಂತಿಲ್ಲ. ದಾವೆಯನ್ನು ಅಷ್ಟರಮಟ್ಟಿಗೆ ತಡೆದು, ಆ ಪ್ರಶ್ನೆಯನ್ನು ಭೂ ನ್ಯಾಯಮಂಡಳಿಗೆ ಕಳಿಸಬೇಕು. ಮಂಡಳಿಯ ಉತ್ತರ ಬಂದ ಮೇಲೆ ಉಳಿದದ್ದನ್ನು ಕೋರ್ಟು ಮುಂದುವರಿಸುತ್ತದೆ. ಗೇಣಿಯ ಪ್ರಶ್ನೆಯನ್ನು ನ್ಯಾಯಾಧೀಶರು ಎಷ್ಟೇ ಶ್ರದ್ಧೆಯಿಂದ ವಿಚಾರಿಸಿ ಬರೆದಿದ್ದರೂ ಆ ಭಾಗ ನಿಲ್ಲುವುದಿಲ್ಲ.

ಪಟ್ಟಣಗಳಲ್ಲಿ ಇದೇ ತೊಡಕು ಗಂಡ ಹೆಂಡತಿಯ ಮನೆಯ ವಿಷಯದಲ್ಲಿ ಬರುತ್ತದೆ. ಇಬ್ಬರೂ ಸೇರಿ ಕೊಂಡ ಮನೆಯ ಜಗಳ ನೋಡಲು ಸಾಮಾನ್ಯ ಆಸ್ತಿ ದಾವೆಯಂತೆಯೇ ಇರುತ್ತದೆ. ಆದರೆ ದಂಪತಿಗಳ ನಡುವಿನ ಆಸ್ತಿ ವ್ಯಾಜ್ಯವನ್ನು 1984ರ ಅಧಿನಿಯಮ ಕೌಟುಂಬಿಕ ನ್ಯಾಯಾಲಯಕ್ಕೆ ಒಪ್ಪಿಸಿದೆ. ಅದು ಇರುವ ಊರಿನಲ್ಲಿ ಸಿವಿಲ್ ಕೋರ್ಟಿನ ಬಾಗಿಲು ಈ ವ್ಯಾಜ್ಯಕ್ಕೆ ಮುಚ್ಚಿದೆ.

ಈಗ ಗುರುಗಾಂವಕ್ಕೆ ಮರಳಿದರೆ ಒಂದು ಪ್ರಶ್ನೆ ಉಳಿಯುತ್ತದೆ. ಸೈಟು ಎಲ್ಲಿದೆ ಎಂಬುದು ಸ್ಥಳದ ಪ್ರಶ್ನೆಯಲ್ಲವೇ? ಕಂಪನಿ ಎಂಟು ವರ್ಷ ಸುಮ್ಮನಿದ್ದದ್ದು ಅದಕ್ಕೆ ಮುಳುವಾಗಬೇಕಿತ್ತಲ್ಲವೇ? ಸುಪ್ರೀಂ ಕೋರ್ಟು ಹಾಗೆ ನೋಡಲಿಲ್ಲ. ಸ್ಥಳ ಮತ್ತು ಹಣದ ಆಕ್ಷೇಪ ಬೇರೆ, ವಿಷಯದ ಮೇಲಿನ ಅಧಿಕಾರವೇ ಇಲ್ಲದಿರುವುದು ಬೇರೆ ಎಂದು ವಿಂಗಡಿಸಿ, ಬೇರೆಡೆಯ ಸ್ಥಿರಾಸ್ತಿಯ ದಾವೆಯನ್ನು ಎರಡನೆಯ ಗುಂಪಿಗೆ ಹತ್ತಿರ ತಂದಿತು, ಒಪ್ಪಿಗೆಯಿಂದಾಗಲಿ ಮೌನದಿಂದಾಗಲಿ ಅಧಿಕಾರ ಹುಟ್ಟುವುದಿಲ್ಲ ಎಂದಿತು. ಈ ವಿಂಗಡಣೆ ಖರೀದಿದಾರರ ಪಾಲಿಗೆ ಬಹಳ ಕಠಿಣವಾಯಿತು. ಎರಡು ವರ್ಷದ ನಂತರ, 2007ರಲ್ಲಿ, ಕರ್ನಾಟಕದಿಂದ ಹೋದ ಆಸ್ತಿ ವ್ಯಾಜ್ಯವೊಂದರಲ್ಲಿ ಅದೇ ಸುಪ್ರೀಂ ಕೋರ್ಟು ಇದರ ಅಂಚನ್ನು ಗುರುತು ಮಾಡಿತು. ಗುರುಗಾಂವದ ಪ್ರಕರಣದಲ್ಲಿ ಆಕ್ಷೇಪ ಬಂದದ್ದು ವಿಚಾರಣೆ ನಡೆಯುತ್ತಿರುವಾಗ. ಡಿಕ್ರಿ ಆಗಿ ಮುಗಿದ ಮೇಲೆ ಸ್ಥಳದ ತಪ್ಪು ಹಿಡಿದು ಅದು ಶೂನ್ಯ ಎನ್ನಲಾಗದು, ಅಲ್ಲಿ 21ನೇ ಕಲಮೇ ಅಡ್ಡ ನಿಲ್ಲುತ್ತದೆ ಎಂದಿತು. ತೀರ್ಪು ಬಂದಿಲ್ಲದಿದ್ದರೆ ದಾವೆ ಊರು ಬದಲಿಸಬೇಕಾಗಬಹುದು, ಬಂದಿದ್ದರೆ ಬಹುಮಟ್ಟಿಗೆ ಭದ್ರ.

ತಪ್ಪು ಕೋರ್ಟಿಗೆ ಹೋದವರ ದಾವೆ ಸತ್ತುಹೋಗುವುದಿಲ್ಲ. ಸಂಹಿತೆಯ 7ನೇ ಆದೇಶದ 10ನೇ ನಿಯಮದಂತೆ ಕೋರ್ಟು ವಾದಪತ್ರವನ್ನು ಸರಿಯಾದ ಕೋರ್ಟಿಗೆ ಸಲ್ಲಿಸಲೆಂದು ಹಿಂದಿರುಗಿಸುತ್ತದೆ. ಕಾಲಮಿತಿ ಮೀರಿತಲ್ಲ ಎಂಬ ಭಯಕ್ಕೆ ಕಾಲಮಿತಿ ಅಧಿನಿಯಮದ 14ನೇ ಕಲಮು ಉತ್ತರ ಕೊಡುತ್ತದೆ: ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ತಪ್ಪು ಕೋರ್ಟಿನಲ್ಲಿ ನಡೆಸಿದ ಅವಧಿಯನ್ನು ಲೆಕ್ಕದಿಂದ ಕಳೆಯಲಾಗುತ್ತದೆ. ಬೇಕೆಂದೇ ಅನುಕೂಲದ ಕೋರ್ಟು ಹಿಡಿದವರಿಗೆ ಈ ರಕ್ಷಣೆ ಸಿಗದು. ಆದರೆ ಕಳೆದುಹೋಗುವುದು ಇನ್ನೊಂದಿದೆ. ಹಿಂದಿರುಗಿಸಿದ ದಾವೆ ಹೊಸ ಕೋರ್ಟಿನಲ್ಲಿ ಮೊದಲಿನಿಂದಲೇ ಶುರುವಾಗಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹಳೆಯ ಕೋರ್ಟಿನಲ್ಲಿ ದಾಖಲಾದ ಸಾಕ್ಷ್ಯ ಮುಂದಕ್ಕೆ ಬರುವುದಿಲ್ಲ. ಈ ನಡುವೆ ವಯಸ್ಸಾದ ಸಾಕ್ಷಿಯೊಬ್ಬರು ತೀರಿಕೊಂಡಿದ್ದರೆ ಆ ನಷ್ಟ ತುಂಬುವುದು ಕಷ್ಟ.

ಆದ್ದರಿಂದ ದಾವೆ ಹೂಡುವವರು ಸಹಿ ಹಾಕುವ ಮೊದಲು ವಾದಪತ್ರದಲ್ಲಿ ಎರಡು ಪ್ಯಾರಾಗಳನ್ನು ಓದಲೇಬೇಕು. ಈ ಕೋರ್ಟಿಗೆ ಅಧಿಕಾರ ಹೇಗೆ ಬಂತು ಎಂಬ ಸಂಗತಿಗಳನ್ನು, ಮತ್ತು ದಾವೆಯ ಮೌಲ್ಯ ಎಷ್ಟು ಎಂಬ ಲೆಕ್ಕವನ್ನು ಅಲ್ಲಿ ಬರೆಯಲೇಬೇಕೆಂದು ಸಂಹಿತೆ ವಿಧಿಸಿದೆ. ‘ಸ್ವತ್ತೂ ಪಕ್ಷಗಾರರೂ ಈ ನ್ಯಾಯಾಲಯದ ವ್ಯಾಪ್ತಿಯಲ್ಲಿರುವುದರಿಂದ’ ಎಂಬ ಸಿದ್ಧ ವಾಕ್ಯ ಅಲ್ಲಿದ್ದು, ಷೆಡ್ಯೂಲಿನ ಸರ್ವೆ ನಂಬರು ಪಕ್ಕದ ತಾಲೂಕಿನದಾಗಿದ್ದರೆ ಅದನ್ನು ಆಗಲೇ ವಕೀಲರ ಗಮನಕ್ಕೆ ತರಬಹುದು. ನೋಟಿಸು ಬಂದ ಪ್ರತಿವಾದಿಯೂ ಲಿಖಿತ ಹೇಳಿಕೆ ಬರೆಸುವಾಗ ಮೊದಲು ನೋಡಬೇಕಾದದ್ದು ಅದೇ ಎರಡು ಪ್ಯಾರಾಗಳನ್ನು.

ಸಾಮಾನ್ಯ ಗ್ರಾಹಕರ ವಿಷಯದಲ್ಲಿ ಕಾನೂನು ಈ ಅಲೆದಾಟವನ್ನು ಬಹಳಷ್ಟು ಕಡಿಮೆ ಮಾಡಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು, ಮಾರಿದ ಕಂಪನಿ ಎಲ್ಲಿಯೇ ಇರಲಿ. ಆಯೋಗದ ದರ್ಜೆಯನ್ನು ನಿರ್ಧರಿಸುವುದು ಸರಕು ಅಥವಾ ಸೇವೆಗೆ ಕೊಟ್ಟ ಬೆಲೆ. 2021ರ ನಿಯಮಗಳಂತೆ 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಹಿಂದಿನ 1986ರ ಕಾನೂನಿನಲ್ಲಿ ಕೇಳುವ ಪರಿಹಾರದ ಮೊತ್ತವನ್ನೂ ಸೇರಿಸಿ ಲೆಕ್ಕ ಹಾಕುತ್ತಿದ್ದರಿಂದ, ಪರಿಹಾರದ ಅಂಕಿ ಏರಿಸಿ ನೇರವಾಗಿ ದೆಹಲಿಗೆ ಹೋಗುವ ದಾರಿ ಇತ್ತು.

ಆ ದಾರಿ ಮುಚ್ಚಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕಾರಿಗೆ ಬೆಂಕಿ ಹತ್ತಿ ಪತಿಯನ್ನು ಕಳೆದುಕೊಂಡ ಮಹಿಳೆ. ಆಕೆ ಕೇಳಿದ ಪರಿಹಾರ 50 ಕೋಟಿಗೂ ಹೆಚ್ಚು. ಆದರೆ ಕಾರಿನ ಬೆಲೆ 30 ಲಕ್ಷಕ್ಕಿಂತ ತುಸು ಮೇಲಿದ್ದುದರಿಂದ ಆಕೆಗೆ ದಕ್ಕಿದ್ದು ಜಿಲ್ಲಾ ಆಯೋಗ. ಕೊಟ್ಟ ಬೆಲೆಯನ್ನು ಅಳತೆಗೋಲಾಗಿ ಇಟ್ಟದ್ದರಲ್ಲಿ ಸಂವಿಧಾನಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂದು 2025ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಎಷ್ಟು ಪರಿಹಾರ ಕೊಡಬಹುದು ಎಂಬುದಕ್ಕೂ ಆಯೋಗದ ದರ್ಜೆಗೂ ಸಂಬಂಧವಿಲ್ಲ. ಆಕೆಯ 50 ಕೋಟಿಯ ಕೋರಿಕೆಯನ್ನು ಜಿಲ್ಲಾ ಆಯೋಗವೇ ಪೂರ್ತಿಯಾಗಿ ಕೇಳಬಹುದು, ಸಾಕ್ಷ್ಯ ಒಪ್ಪಿಗೆಯಾದರೆ ಅಷ್ಟನ್ನೂ ಕೊಡಿಸಬಹುದು.